ಮೈನಸ್ ಆರು ಪವರ್‌ಗೆ ಯಾವ ಗ್ಲಾಸು?

ಕನ್ನಡಕದ ಅಂಗಡಿಗೆ ಬರುವವರಲ್ಲಿ ಪವರ್ ಜಾಸ್ತಿ ಇರುವವರು ಮೊದಲು ಕೇಳುವುದೇ "ತೆಳ್ಳಗಿನ ಗ್ಲಾಸು ಹಾಕಿಕೊಡಿ" ಅಂತ. ನಾನು ಮೊದಲು ಅವರ ಕೈಯಲ್ಲಿರುವ ಫ್ರೇಮ್ ನೋಡುತ್ತೇನೆ.

ಈಚೆಗೆ ಕಾಲೇಜು ಓದುವ ಹುಡುಗಿಯೊಬ್ಬಳು ತಾಯಿ ಜೊತೆ ಬಂದಿದ್ದಳು. ಎರಡೂ ಕಣ್ಣಿಗೆ ಮೈನಸ್ ಆರು. ಆರಿಸಿಕೊಂಡಿದ್ದು ದೊಡ್ಡ ಫ್ರೇಮ್, ಒಳಗಡೆ 54-18 ಅಂತ ಬರೆದಿತ್ತು. 54 ಅಂದರೆ ಒಂದು ಗ್ಲಾಸಿನ ಅಗಲ, 18 ಅಂದರೆ ಮೂಗಿನ ಮೇಲಿನ ಸೇತುವೆ, ಎರಡೂ ಮಿಲಿಮೀಟರಿನಲ್ಲಿ. ಕೂಡಿದರೆ 72. ಆದರೆ ಅವಳ ಎರಡು ಕಣ್ಣುಪಾಪೆಗಳ ನಡುವಿನ ದೂರ 60 ಮಾತ್ರ. ಲೆನ್ಸಿನ ಕೇಂದ್ರ ಪಾಪೆಯ ಎದುರಿಗೇ ಬರಬೇಕಲ್ವಾ? ಅದಕ್ಕೆ ಪ್ರತಿ ಲೆನ್ಸನ್ನೂ 6 ಮಿ.ಮೀ. ಮೂಗಿನ ಕಡೆಗೆ ಸರಿಸಿ ಕತ್ತರಿಸಬೇಕು. ಆಗ ಕಿವಿ ಕಡೆಯ ಅಂಚು ಕೇಂದ್ರದಿಂದ 33 ಮಿ.ಮೀ. ದೂರ ಹೋಗುತ್ತದೆ.

ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ಆ ದಪ್ಪ ಬೇಗ ಬೇಗ ಏರುತ್ತದೆ, ದೂರ ಎರಡರಷ್ಟಾದರೆ ಏರಿಕೆ ನಾಲ್ಕರಷ್ಟು. ಲೆಕ್ಕ ಹಾಕಿ ತೋರಿಸಿದೆ. ಆ ಫ್ರೇಮಿನಲ್ಲಿ ಸಾಮಾನ್ಯ ಪ್ಲಾಸ್ಟಿಕ್, ಅಂದರೆ ಸಿಆರ್-39, ಹಾಕಿದರೆ ಅಂಚು ಸುಮಾರು ಎಂಟೂವರೆ ಮಿ.ಮೀ. ಗ್ಲಾಸು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದಕ್ಕೆ ಇಂಡೆಕ್ಸ್ ಅಂತ ಒಂದು ಸಂಖ್ಯೆ ಇದೆ, ಅದು ಜಾಸ್ತಿ ಇದ್ದಷ್ಟೂ ಗ್ಲಾಸು ತೆಳು. ಸಿಆರ್‌ಗಿಂತ ಹೆಚ್ಚು ಇಂಡೆಕ್ಸಿನ ದುಬಾರಿ 1.67 ಹಾಕಿದರೂ ಆರರ ಮೇಲೆಯೇ. ಆಮೇಲೆ 46-18 ಅಳತೆಯ ದುಂಡನೆ ಫ್ರೇಮ್ ಕೊಟ್ಟೆ. ಇದರಲ್ಲಿ ಅಂಚಿನ ದೂರ 25 ಮಿ.ಮೀ. ಸಿಆರ್ ಹಾಕಿದರೂ ದಪ್ಪ ಆರರೊಳಗೆ ಬರುತ್ತದೆ. ಅಂದರೆ ದೊಡ್ಡ ಫ್ರೇಮಿನ 1.67ಗಿಂತ ಚಿಕ್ಕ ಫ್ರೇಮಿನ ಸಾದಾ ಪ್ಲಾಸ್ಟಿಕ್ಕೇ ತೆಳು.

"ಹಾಗಾದ್ರೆ ಇದಕ್ಕೇ 1.67 ಹಾಕಿಬಿಡಿ ಸರ್" ಅಂದರು ತಾಯಿ. ಬೇಡಮ್ಮಾ ಅಂದೆ. ಆ ಫ್ರೇಮಿಗೆ 1.60 ಹಾಕಿದರೆ ಅಂಚು ನಾಲ್ಕೂವರೆ, 1.67 ಹಾಕಿದರೆ ನಾಲ್ಕರ ಆಸುಪಾಸು. ಅರ್ಧ ಮಿಲಿಮೀಟರಿಗೆ ಜಾಸ್ತಿ ದುಡ್ಡು ಕೊಡಬೇಕು, ನೋಟದ ಸ್ಪಷ್ಟತೆಯೂ ಸ್ವಲ್ಪ ಕಮ್ಮಿಯಾಗುತ್ತದೆ. ಲೆನ್ಸ್ ಬೆಳಕಿನ ಬಣ್ಣಗಳನ್ನು ಎಷ್ಟು ಚದುರಿಸುತ್ತದೆ ಅನ್ನುವುದಕ್ಕೆ ಅಬ್ಬೆ ಸಂಖ್ಯೆ ಅಂತ ಒಂದಿದೆ. ಅದು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸಿಆರ್‌ಗೆ 58, ಒಳ್ಳೆಯ 1.60ಗೆ ಸುಮಾರು 41, 1.67ಗೆ 32, ಪಾಲಿಕಾರ್ಬೊನೇಟ್‌ಗೆ 30. ಇದನ್ನು ಮನೆಯಲ್ಲೇ ನೋಡಬಹುದು. ತಲೆ ಅಲ್ಲಾಡಿಸದೆ, ಲೆನ್ಸಿನ ಅಂಚಿನಿಂದ ಟ್ಯೂಬ್‌ಲೈಟ್ ನೋಡಿ. ಪವರ್ ಜಾಸ್ತಿ ಇದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಕಿತ್ತಳೆ ಗೆರೆ ಕಾಣುತ್ತದೆ. ಕೊನೆಗೆ ಅವಳಿಗೆ 1.60 ಹಾಕಿದೆ.

ಹಾಗಂತ ಪಾಲಿಕಾರ್ಬೊನೇಟ್ ಕೆಟ್ಟದ್ದಲ್ಲ. ಕ್ರಿಕೆಟ್ ಆಡುವ ಹುಡುಗರಿಗೆ, ಒಂದೇ ಕಣ್ಣಿನಲ್ಲಿ ದೃಷ್ಟಿ ಇರುವವರಿಗೆ ನಾನು ಬೇರೇನೂ ಕೊಡುವುದಿಲ್ಲ. ಪೆಟ್ಟು ಬಿದ್ದರೂ ಅದು ಸುಲಭಕ್ಕೆ ಒಡೆಯುವುದಿಲ್ಲ. ರಿಮ್‌ಲೆಸ್ ಫ್ರೇಮಿಗೆ ತೂತು ಕೊರೆಯುವಾಗಲೂ ಸಿಆರ್‌ಗಿಂತ ಇದೇ ಗಟ್ಟಿ. ಸಿಆರ್ ಆದರೆ ತೂತಿನ ಹತ್ತಿರವೇ ಸೀಳು ಬಿಡುತ್ತದೆ.

ಇಲ್ಲೇ ತುಂಬಾ ಜನರಿಗೆ ಗೊಂದಲ. ಒಡೆಯುವುದಿಲ್ಲ ಅಂದರೆ ಗೀರೂ ಬೀಳುವುದಿಲ್ಲ ಅಂದುಕೊಳ್ಳುತ್ತಾರೆ. ಪಾಲಿಕಾರ್ಬೊನೇಟ್ ಮೆತ್ತಗಿನ ವಸ್ತು. ಕೋಟಿಂಗ್ ಇಲ್ಲದಿದ್ದರೆ ಬೇಗ ಗೀರು ಬೀಳುತ್ತದೆ. ಸಿಆರ್ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಪಾಲಿ ಇರಲಿ, ಹೈ ಇಂಡೆಕ್ಸ್ ಇರಲಿ, ಗೀರು ತಡೆಯುವ ಕೆಲಸ ಮೇಲಿನ ಹಾರ್ಡ್ ಕೋಟಿನದು. ಅದು ಕೆಲವೇ ಮೈಕ್ರಾನ್ ದಪ್ಪದ ಪದರ.

ಅದರ ಮೇಲೆ ಪ್ರತಿಫಲನ ತಡೆಯುವ ಎಆರ್ ಕೋಟಿಂಗ್. ಕೋಟಿಂಗ್ ಇಲ್ಲದ ಸಾದಾ ಪ್ಲಾಸ್ಟಿಕ್ ಎರಡೂ ಮೈ ಸೇರಿ ಸುಮಾರು ಶೇ. 8ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ, 1.67 ಶೇ. 12ರಷ್ಟು. ಹಾಗಾಗಿ ಹೈ ಇಂಡೆಕ್ಸ್‌ಗೆ ಎಆರ್ ಬೇಕೇ ಬೇಕು. ಆದರೆ ಎಆರ್ ಇರುವ ಲೆನ್ಸಿನ ಮೇಲೆ ಸಣ್ಣ ಗೀರೂ ಎದ್ದು ಕಾಣುತ್ತದೆ, ಏಕೆಂದರೆ ಸುತ್ತಲೂ ಪ್ರತಿಫಲನ ಇಲ್ಲದಾಗ ಅದೊಂದೇ ಮಿನುಗುತ್ತದೆ.

"ಕೋಟಿಂಗ್ ಹೋಯ್ತು" ಅಂತ ಬರುವ ಕನ್ನಡಕಗಳನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಬಿಡಿಬಿಡಿ ಗೆರೆ ಇದ್ದರೆ ಒಣ ಬಟ್ಟೆಯಲ್ಲಿ ಉಜ್ಜಿದ್ದು. ಬಿರುಕು ಬಿಟ್ಟ ಕೆರೆ ಮಣ್ಣಿನ ಹಾಗೆ ನವಿರಾದ ಜಾಲ ಕಂಡರೆ ಸಾಮಾನ್ಯವಾಗಿ ಬಿಸಿಯ ಕೆಲಸ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿರುತ್ತಾರೆ. ಪ್ಲಾಸ್ಟಿಕ್ ಹಿಗ್ಗಿದಷ್ಟು ಎಆರ್ ಪದರ ಹಿಗ್ಗುವುದಿಲ್ಲ, ಅದಕ್ಕೇ ಸೀಳುತ್ತದೆ. ಅದನ್ನು ಪಾಲಿಶ್ ಮಾಡಿ ಸರಿಪಡಿಸಲು ಆಗುವುದಿಲ್ಲ, ಗ್ಲಾಸು ಬದಲಾಯಿಸಲೇಬೇಕು.

ಒರೆಸುವಾಗ ಸೀರೆ ಸೆರಗು, ಅಂಗಿ ಚುಂಗು ಬೇಡ. ಧೂಳಿನ ಕಣ ಸಿಕ್ಕಿಕೊಂಡು ಗೀರುತ್ತದೆ. ಮೊದಲು ತಣ್ಣೀರು ಬಿಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಲ್ಲಿ ಸವರಿ, ತೊಳೆದು ಮೆತ್ತಗಿನ ಬಟ್ಟೆಯಿಂದ ಒತ್ತಿ ತೆಗೆಯಿರಿ. ಪಾಲಿಕಾರ್ಬೊನೇಟ್ ಇದ್ದರೆ ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಅಂಚಿನಿಂದ ಒಳಗೆ ಹೋಗಿ ಲೆನ್ಸನ್ನೇ ಮಂಜಾಗಿಸಿ ಸೀಳಿಬಿಡುತ್ತದೆ.