ದುಬೈ ಕೆಲಸಕ್ಕೆ ಅಪೋಸ್ಟಿಲ್ ನಡೆಯಲಿಲ್ಲ: ನನ್ನ ಅನುಭವ

ದುಬೈನಲ್ಲಿ ಕೆಲಸ ಸಿಕ್ಕ ತಮ್ಮನ ಬಿ.ಇ. ಸರ್ಟಿಫಿಕೇಟಿಗೆ ಏಜೆಂಟೊಬ್ಬ ಅಪೋಸ್ಟಿಲ್, ಅಂದರೆ ದಾಖಲೆ ವಿದೇಶದಲ್ಲಿ ನಡೆಯಲೆಂದು ಸರ್ಕಾರ ಹಾಕುವ ದೃಢೀಕರಣ, ಹಾಕಿಸಿಕೊಟ್ಟಿದ್ದ. ಅಲ್ಲಿನ ಕಂಪನಿ ಒಪ್ಪಲಿಲ್ಲ.

ಕಾರಣ ಸರಳ. ಅಪೋಸ್ಟಿಲ್ ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಭಾರತ 2005ರಿಂದ ಅದರಲ್ಲಿದೆ, ಯುಎಇ ಇಲ್ಲ. ಒಪ್ಪಂದದ ದೇಶಕ್ಕಾದರೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸ್ಟಿಕರ್ ಬಿದ್ದರೆ ಮುಗಿಯಿತು, ರಾಯಭಾರ ಕಚೇರಿಯ ಗೊಡವೆಯೇ ಇಲ್ಲ. ಯುಎಇಗೆ ಸರಪಳಿ ಉದ್ದ: ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಸಾಮಾನ್ಯ ಅಟೆಸ್ಟೇಶನ್, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ರಾಜ್ಯದ ಮುದ್ರೆ ಮೊದಲೇ ಇದ್ದುದರಿಂದ ನಾವು ಎರಡನೇ ಹಂತದಿಂದ ಶುರು ಮಾಡಿದೆವು, ಕೆಲಸ ಆಯಿತು.

‘ಗಲ್ಫ್ ಅಂದರೆ ಎಂಬಸಿ’ ಎಂಬ ಹಳೆಯ ಲೆಕ್ಕವನ್ನೂ ನಂಬಬೇಡಿ. ಒಮಾನ್, ಬಹ್ರೇನ್ ಒಪ್ಪಂದದಲ್ಲಿವೆ; ಸೌದಿಯಲ್ಲೂ 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸದಸ್ಯತ್ವ ಒಂದೇ ಸಾಲದು: ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿತ್ತು; ಹಾಗೆ ಆಕ್ಷೇಪ ಇರುವ ತನಕ ಆ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯದು. ಈ ಒಪ್ಪಂದ ನೋಡಿಕೊಳ್ಳುವ ಹೇಗ್ ಸಮ್ಮೇಳನದ ಜಾಲತಾಣದ ಪಟ್ಟಿಯಲ್ಲಿ ಆಕ್ಷೇಪಗಳನ್ನೂ ನೋಡಿ, ಯಾವ ದೃಢೀಕರಣ ಬೇಕೆಂದು ಉದ್ಯೋಗದಾತರಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಅಪೋಸ್ಟಿಲ್ ಆಗಲಿ, ರಾಯಭಾರ ಕಚೇರಿಯ ಅಟೆಸ್ಟೇಶನ್ ಆಗಲಿ, ಸಾಬೀತು ಮಾಡುವುದು ಸಹಿ, ಮುದ್ರೆ ಅಸಲಿ ಎಂದಷ್ಟೇ. ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂಬುದು ಬೇರೆಯೇ ಅರ್ಜಿ.