ನಲವತ್ತೆರಡು ಹುಡುಗರ ಸಂಬಳ: ಪ್ಲೇಸ್‌ಮೆಂಟ್ ಪಟ್ಟಿ ಕೂಡಿದವನ ಅನುಭವ

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಕೆಲವು ವರ್ಷ ಪ್ಲೇಸ್‌ಮೆಂಟ್ ಸೆಲ್ಲಿನ ಕೆಲಸವನ್ನೂ ನೋಡಿಕೊಂಡೆ. ಕಂಪನಿಯವರಿಗೆ ಕಾಫಿ ತರಿಸುವುದರಿಂದ ಹಿಡಿದು ವರ್ಷದ ಕೊನೆಗೆ ಸಂಬಳದ ವರದಿ ಮಾಡುವವರೆಗೆ ಎಲ್ಲವೂ ನನ್ನ ಪಾಲಿಗೆ. ಬ್ರೋಷರಿನಲ್ಲಿ 'ಸರಾಸರಿ ಪ್ಯಾಕೇಜ್' ಅಂತ ದಪ್ಪಕ್ಷರದಲ್ಲಿ ಬರುತ್ತದಲ್ಲ, ಆ ಅಂಕಿ ನನ್ನ ಎಕ್ಸೆಲ್ ಶೀಟಿನಿಂದ ಹೋಗುತ್ತಿತ್ತು. ಹಾಗಾಗಿ ಅದು ಹೇಗೆ ಹುಟ್ಟುತ್ತದೆ ಅಂತ ಗೊತ್ತು.

ಒಂದು ವರ್ಷದ ಒಂದೇ ಬ್ರಾಂಚಿನ ಲೆಕ್ಕ ಹೇಳುತ್ತೇನೆ. ತರಗತಿಯಲ್ಲಿ 60 ಜನ. ಕೆಲಸ ಸಿಕ್ಕಿದ್ದು 42 ಜನಕ್ಕೆ. ಅವರಲ್ಲಿ 20 ಜನಕ್ಕೆ ದೊಡ್ಡ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳ ಮಾಮೂಲಿ 3.6 ಲಕ್ಷ. 7 ಜನಕ್ಕೆ 4.5 ಲಕ್ಷ, 8 ಜನಕ್ಕೆ 6 ಲಕ್ಷ, ನಾಲ್ವರಿಗೆ 9 ಲಕ್ಷ, ಇಬ್ಬರಿಗೆ 18 ಲಕ್ಷ. ಒಬ್ಬಳಿಗೆ 44 ಲಕ್ಷ. ಆ ಹುಡುಗಿಯ ಫೋಟೋ ಆ ವರ್ಷ ಗೇಟಿನ ಫ್ಲೆಕ್ಸಿನಲ್ಲಿ ಬಿತ್ತು.

ಮೊದಲ ಸಲ ಸೂತ್ರ ಹಾಕಿದಾಗ ಸರಾಸರಿ 8.89 ಲಕ್ಷ, ಮೀಡಿಯನ್, ಅಂದರೆ ಸಾಲಿನ ನಡುವಿನವನ ಸಂಬಳ, 6 ಲಕ್ಷ ಬಂತು. ಖುಷಿಯಾಯಿತು, ಜೊತೆಗೆ ಅನುಮಾನವೂ ಬಂತು. ಕೆಲಸ ಸಿಕ್ಕವರಲ್ಲಿ ಹೆಚ್ಚುಕಡಿಮೆ ಅರ್ಧ ಜನ 3.6ಕ್ಕೆ ಸೇರಿರುವಾಗ ನಡುವಿನವನಿಗೆ 6 ಹೇಗೆ ಬಂದೀತು? ಎಣಿಸಿ ನೋಡೋಣ ಅಂತ ಇನ್ನೆರಡು ಸೂತ್ರ ಹಾಕಿದೆ.

```
=AVERAGE(C2:C61)
=MEDIAN(C2:C61)
=COUNT(C2:C61)
=COUNTA(C2:C61)
```

ತುಂಬಿದ ಸೆಲ್ಲುಗಳನ್ನೆಲ್ಲ ಎಣಿಸುವ COUNTA 42 ತೋರಿಸಿತು, ಬರೀ ಸಂಖ್ಯೆಗಳನ್ನು ಎಣಿಸುವ COUNT 22. ಆ ಸೇವಾ ಕಂಪನಿಗಳ ಪಟ್ಟಿ ತುಂಬಿದ್ದ ಸಹಾಯಕ ಇಪ್ಪತ್ತು ಸಾಲಿನಲ್ಲೂ 3.6ರ ಪಕ್ಕ 'LPA' ಅಂತ ಟೈಪ್ ಮಾಡಿದ್ದ. ಅಕ್ಷರ ಸೇರಿದ ಕೂಡಲೇ ಎಕ್ಸೆಲ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ, ತಕರಾರನ್ನೂ ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಅತಿ ಕಡಿಮೆ ಸಂಬಳದ ಇಪ್ಪತ್ತು ಹುಡುಗರು ಲೆಕ್ಕದಿಂದಲೇ ಹೊರಗೆ ನಿಂತಿದ್ದರು. ಸರಿಪಡಿಸಿದ ಮೇಲೆ ಸರಾಸರಿ 6.37 ಲಕ್ಷಕ್ಕೆ ಇಳಿಯಿತು, ಮೀಡಿಯನ್ 4.5ಕ್ಕೆ. ಅಂದಿನಿಂದ ಆ ಎರಡು ಎಣಿಕೆ ಒಂದೇ ಆಗದೆ ಯಾವ ಅಂಕಿಯನ್ನೂ ಪ್ರಿನ್ಸಿಪಾಲರ ಟೇಬಲ್ಲಿಗೆ ಕಳಿಸಿಲ್ಲ.

ಈಗ ಈ ಎರಡು ಸರಿಯಾದ ಅಂಕಿಗಳನ್ನೇ ನೋಡಿ, 6.37 ಮತ್ತು 4.5. ಸರಾಸರಿ ಅಂದರೆ ಎಲ್ಲರ ಸಂಬಳ ಒಂದೇ ಚೀಲಕ್ಕೆ ಸುರಿದು ಸಮನಾಗಿ ಹಂಚಿದರೆ ಬರುವ ಪಾಲು. ಚೀಲದಲ್ಲಿ ಒಟ್ಟು 267.5 ಲಕ್ಷ ಇತ್ತು, ಅದರ ಹೆಚ್ಚುಕಡಿಮೆ ಆರನೇ ಒಂದು ಭಾಗ ಆ ಒಬ್ಬಳದೇ. ಮೀಡಿಯನ್, ಅಂದರೆ ಎಸ್‌ಎಸ್‌ಎಲ್‌ಸಿಯಲ್ಲಿ ನಾವು ಓದಿದ ಮಧ್ಯಾಂಕ, ಹಣವನ್ನು ಕೂಡುವುದೇ ಇಲ್ಲ. ಹುಡುಗರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ಸಾಲಿನ ನಡುವೆ ಯಾರಿದ್ದಾರೆ ಅಂತ ಕೇಳುತ್ತದೆ. 42 ಜನರ ಸಾಲಿನಲ್ಲಿ ನಡುವೆ ನಿಲ್ಲುವುದು 21 ಮತ್ತು 22ನೆಯವರು, ಇಬ್ಬರಿಗೂ 4.5. ಸಾಲಿನ ಕೊನೆಯವಳಿಗೆ 44 ಬಂದರೂ ಒಂದು ಕೋಟಿ ಬಂದರೂ ಇವರ ಜಾಗ ಅಲುಗುವುದಿಲ್ಲ. ಅವಳೊಬ್ಬಳನ್ನು ತೆಗೆದು ನೋಡಿದೆ, ಸರಾಸರಿ 5.45ಕ್ಕೆ ಬಿತ್ತು, ಮೀಡಿಯನ್ 4.5ರಲ್ಲೇ ಕೂತಿತ್ತು. ಇನ್ನೂ ಒಂದು ಎಣಿಕೆ ಮಾಡಿದೆ: 'ಸರಾಸರಿ'ಗಿಂತ ಹೆಚ್ಚು ಪಡೆದವರು ಎಷ್ಟು ಜನ? ಏಳು. ಉಳಿದ 35 ಜನ ಸರಾಸರಿಗಿಂತ ಕೆಳಗೆ.

ಆ 44 ಲಕ್ಷವನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಆಫರ್ ಲೆಟರ್ ನನ್ನ ಕೈಯಲ್ಲೇ ಇತ್ತು. ಮೂಲ ಸಂಬಳ 19 ಲಕ್ಷ, ಸೇರಿದಾಗ ಒಂದೇ ಸಲ ಕೊಡುವ ಬೋನಸ್ 5 ಲಕ್ಷ, ನಾಲ್ಕು ವರ್ಷಕ್ಕೆ ಹರಡಿ ಕೊಡುವ 20 ಲಕ್ಷದ ಷೇರು. ಕೂಡಿದರೆ 44 ಹೌದು. ಆದರೆ ಮೊದಲ ವರ್ಷಕ್ಕೆ ಬರುವ ಷೇರು 5 ಲಕ್ಷದ್ದು, ಹಾಗಾಗಿ ವರ್ಷದ ಲೆಕ್ಕ 29. ಎರಡನೇ ವರ್ಷ ಬೋನಸ್ಸೂ ಇಲ್ಲ. 44ರ ಬದಲು 29 ಹಾಕಿದರೆ ಕೆಲಸ ಸಿಕ್ಕವರೆಲ್ಲರ ಸರಾಸರಿ 6.37ರಿಂದ 6.01ಕ್ಕೆ ಇಳಿಯುತ್ತದೆ. ಒಂದೇ ಪತ್ರವನ್ನು ಹೇಗೆ ಓದಿದೆವು ಅನ್ನುವುದರ ಮೇಲೆ 42 ಜನರ 'ಸರಾಸರಿ ಸಂಬಳ' 36 ಸಾವಿರ ಏರಿಳಿಯುತ್ತದೆ ಅಂದರೆ ಆ ಅಂಕಿಯನ್ನು ಎಷ್ಟು ನಂಬಬೇಕು ನೀವೇ ಹೇಳಿ. (3.6 ಲಕ್ಷವೂ ಹಾಗೇನೇ, ತಿಂಗಳಿಗೆ 30 ಸಾವಿರ ಅಂತ ಹುಡುಗರು ಲೆಕ್ಕ ಹಾಕಿಕೊಂಡಿರುತ್ತಾರೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಅದರೊಳಗೇ ಸೇರಿರುವುದು ಮೊದಲ ಸಂಬಳದ ದಿನ ಗೊತ್ತಾಗುತ್ತದೆ.)

ಬ್ರೋಷರಿನಲ್ಲಿ 6.37 ಅಚ್ಚಾಯಿತು. ಸಿಇಟಿ ಆಪ್ಷನ್ ಎಂಟ್ರಿಯ ಸಮಯಕ್ಕೆ ತಿಪಟೂರು ಕಡೆಯಿಂದ ಒಬ್ಬರು ತೆಂಗಿನ ಬೆಳೆಗಾರರು ಮಗನನ್ನು ಕರೆದುಕೊಂಡು ಬಂದರು. ಬ್ರೋಷರನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಲ್ಲಿ ಇಟ್ಟುಕೊಂಡಿದ್ದರು.

"ಸಾರ್, ಇದ್ರಲ್ಲಿ ಆರು ಲಕ್ಷದ ಮೂವತ್ತೇಳು ಸಾವ್ರ ಅಂತ ಐತೆ. ನಮ್ಮುಡುಗನಿಗೆ ಅಷ್ಟು ಸಿಕ್ತದಾ?"

ನಾನು ಸರಾಸರಿ, ಮೀಡಿಯನ್ ಅಂತ ಶುರು ಮಾಡಿದೆ. ಎರಡು ನಿಮಿಷ ಕೇಳಿದರು. ಆಮೇಲೆ ಅವರೇ ದಾರಿ ತೋರಿಸಿದರು. "ನಮ್ಮ ಎಪಿಎಂಸೀಲಿ ಕೊಬ್ರಿ ರೇಟು ಮೂರು ಹಾಕ್ತಾರೆ ಸಾರ್. ಕನಿಷ್ಠ, ಗರಿಷ್ಠ, ಮಾದರಿ. ಗರಿಷ್ಠ ಯಾರಿಗೋ ಒಂದು ಲಾಟಿಗೆ ಬಿದ್ದಿರ್ತದೆ. ನಾವು ನೋಡೋದು ಮಾದರೀನ. ನಿಮ್ದು ಮಾದರಿ ಎಷ್ಟು ಹೇಳಿ."

ಮಾದರಿ ಬೆಲೆ ಅಂದರೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ನಮ್ಮಲ್ಲಿ ಅದು 3.6, ನಲವತ್ತೆರಡರಲ್ಲಿ ಇಪ್ಪತ್ತು. ಸರಾಸರಿಗೂ ಮೀಡಿಯನ್‌ಗೂ ನಡುವೆ ನಾನು ಒದ್ದಾಡುತ್ತಿದ್ದಾಗ ಅವರು ಕೇಳಿದ್ದು ಮೂರನೆಯದನ್ನು. ಅವರ ಮಗನಿಗೆ ಹೆಚ್ಚು ಹತ್ತಿರದ ಉತ್ತರವೂ ಅದೇ. ಕ್ಯಾಂಪಸ್ ಸಂಬಳಗಳು ಮೆಟ್ಟಿಲಿನ ಹಾಗೆ ಇರುತ್ತವೆ, ಒಂದೊಂದು ಕಂಪನಿ ಒಂದೊಂದು ಮೆಟ್ಟಿಲು. 6.37 ಅನ್ನುವ ಮೆಟ್ಟಿಲೇ ಇಲ್ಲ, ಆ ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯೂ ಇಲ್ಲ. 4.5ರ ಮೀಡಿಯನ್ ಕೂಡ ಗಟ್ಟಿ ನೆಲದ ಮೇಲೆ ನಿಂತಿರಲಿಲ್ಲ, ಇನ್ನಿಬ್ಬರು 3.6ಕ್ಕೆ ಸೇರಿದ್ದರೆ ಅದು ಕೆಳಗಿನ ಮೆಟ್ಟಿಲಿನ ಕಡೆಗೆ ಜಾರುತ್ತಿತ್ತು.

ಅವರು ಮತ್ತೊಂದು ಪ್ರಶ್ನೆ ಕೇಳಿದರು: "ಅರವತ್ತರಲ್ಲಿ ನಲವತ್ತೆರಡಾಯ್ತು. ಮಿಕ್ಕವ್ರು?"

ಇಲ್ಲಿ ಸರಾಸರಿಯೂ ಮೀಡಿಯನ್ನೂ ಒಟ್ಟಿಗೆ ಬಾಯಿ ಮುಚ್ಚಿಕೊಳ್ಳುತ್ತವೆ. ಖಾಲಿ ಬಿಟ್ಟ ಸೆಲ್ಲನ್ನು ಎರಡು ಸೂತ್ರವೂ ಎಣಿಸುವುದಿಲ್ಲ, ಸೊನ್ನೆ ಬರೆದರೆ ಮಾತ್ರ ಎಣಿಸುತ್ತವೆ. ನಮ್ಮ ಶೀಟಿನಲ್ಲಿ 18 ಸೆಲ್ ಖಾಲಿ ಇದ್ದವು. ಅದರಲ್ಲಿ ನಾಲ್ವರು ಎಂಟೆಕ್, ಎಂಎಸ್ ಅಂತ ಹೋದವರು, ಅವರಿಗೆ ಸೊನ್ನೆ ಹಾಕುವುದು ನ್ಯಾಯವಲ್ಲ. ಅವರನ್ನು ಬಿಟ್ಟು ಉಳಿದ 14 ಜನಕ್ಕೆ ಸೊನ್ನೆ ಹಾಕಿ ಆ ಬೆಳೆಗಾರರ ಎದುರಿಗೇ ಸೂತ್ರ ಓಡಿಸಿದೆ. 56 ಜನರ ಸಾಲಿನಲ್ಲಿ ನಡುವಿನವರಿಗೆ 3.6.

ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಈ ಒಗಟು ಬಿಡಿಸುವ ದಾರಿ ಇದೆ. ಅಲ್ಲಿ ಕೇಳುವುದು ಸರಾಸರಿಯಲ್ಲ, ಕೆಲಸ ಸಿಕ್ಕವರ ಮೀಡಿಯನ್ ಸಂಬಳ. ಪಕ್ಕದ ಕಾಲಂಗಳಲ್ಲಿ ಸಮಯಕ್ಕೆ ಪದವಿ ಮುಗಿಸಿದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಉನ್ನತ ಶಿಕ್ಷಣಕ್ಕೆ ಹೋದವರು ಎಷ್ಟು ಅಂತಲೂ ಇರುತ್ತದೆ. ಈ ಮಾಹಿತಿ ಕಾಲೇಜಿನ ವೆಬ್‌ಸೈಟಿನಲ್ಲೂ ಸಿಗುತ್ತದೆ. ನಾನು ಪಾಲಕರಿಗೆ ಮಾಡಿ ತೋರಿಸುತ್ತಿದ್ದ ಲೆಕ್ಕ ಇಷ್ಟೇ: ಕೆಲಸ ಸಿಕ್ಕವರ ಅರ್ಧ ತೆಗೆದುಕೊಳ್ಳಿ, ಅದನ್ನು ಪದವಿ ಮುಗಿಸಿದವರ ಪಕ್ಕದಲ್ಲಿ ಇಡಿ. 42ರ ಅರ್ಧ 21. ಅರವತ್ತರಲ್ಲಿ ಸುಮಾರು 21 ಜನಕ್ಕೆ 4.5 ಅಥವಾ ಅದಕ್ಕಿಂತ ಹೆಚ್ಚು, ಅಂದರೆ ಮೂವರಲ್ಲಿ ಒಬ್ಬರಿಗೆ. ಒಂದು ತೊಡಕಿದೆ. ಆ ಪಟ್ಟಿಯಲ್ಲಿ ನಾಲ್ಕು ವರ್ಷದ ಪದವಿಯ ಎಲ್ಲ ಬ್ರಾಂಚುಗಳೂ ಒಂದೇ ಸಾಲಿನಲ್ಲಿರುತ್ತವೆ, ಕಂಪ್ಯೂಟರ್ ಸೈನ್ಸ್ ಬೇರೆ ಸಿವಿಲ್ ಬೇರೆ ಅಂತ ಅದರಿಂದ ತೆಗೆಯಲಾಗುವುದಿಲ್ಲ. ಬ್ರಾಂಚುವಾರು ಬೇಕಿದ್ದರೆ ಪ್ಲೇಸ್‌ಮೆಂಟ್ ಆಫೀಸಿನಲ್ಲೇ ಕೇಳಬೇಕು. ಕೇಳುವಾಗ ಆಫರ್ ಎಷ್ಟು ಅಂತಲ್ಲ, ವಿದ್ಯಾರ್ಥಿಗಳು ಎಷ್ಟು ಅಂತ ಕೇಳಿ. ಒಬ್ಬನೇ ಜಾಣನ ಕೈಯಲ್ಲಿ ಮೂರು ಆಫರ್ ಇರುವುದು ಮಾಮೂಲು.

ಮೀಡಿಯನ್ನನ್ನೇ ನಂಬಿ ಕೂತರೂ ಪೆಟ್ಟು ಬೀಳುತ್ತದೆ ಅಂತ ಗೊತ್ತಾಗಿದ್ದು ಮರು ವರ್ಷ. ನಾವು ಓಡಾಡಿ ಇನ್ನೂ ಹತ್ತು ಹುಡುಗರಿಗೆ ಕೆಲಸ ಕೊಡಿಸಿದೆವು, ಹತ್ತೂ 3.6ರವು. ಮೇಲಿನ ಮೆಟ್ಟಿಲುಗಳು ಹೆಚ್ಚುಕಡಿಮೆ ಹಿಂದಿನ ವರ್ಷದಂತೆಯೇ ಇದ್ದವು, ಲೆಕ್ಕ ತಿಳಿಯಾಗಲಿ ಅಂತ ಇಲ್ಲಿ ಅದೇ ಅಂಕಿ ಇಟ್ಟುಕೊಳ್ಳುತ್ತೇನೆ. 60ರಲ್ಲಿ 52 ಜನಕ್ಕೆ ಕೆಲಸ. ಸರಾಸರಿ 6.37ರಿಂದ 5.84ಕ್ಕೆ ಇಳಿಯಿತು. ಮೀಡಿಯನ್ 4.5ರಿಂದ 3.6ಕ್ಕೆ.

ಪ್ರಿನ್ಸಿಪಾಲರು ಕರೆಸಿದರು. ಎನ್‌ಐಆರ್‌ಎಫ್ ಅಂಕದಲ್ಲಿ ಮೀಡಿಯನ್‌ಗೂ ಪಾಲಿದೆ, ಅವರ ಚಿಂತೆ ಸುಳ್ಳಲ್ಲ. "ಏನ್ರೀ ಇದು, ಐದನೇ ಒಂದು ಭಾಗ ಬಿದ್ದುಹೋಗಿದೆ?"

"ಸರ್, ಯಾರ ಸಂಬಳವೂ ಕಡಿಮೆಯಾಗಿಲ್ಲ. ಹೋದ ವರ್ಷ ಲೆಕ್ಕದಲ್ಲೇ ಇಲ್ಲದ ಹತ್ತು ಜನ ಈಗ ಸಾಲಿಗೆ ಬಂದಿದ್ದಾರೆ. ಸಾಲು ಕೆಳಗಡೆ ಉದ್ದವಾಯಿತು, ನಡು ಕೆಳಕ್ಕೆ ಸರಿಯಿತು."

ಅವರಿಗೆ ಸಮಾಧಾನವಾಗಲಿಲ್ಲ. ಇಡೀ ತರಗತಿಯ ಮೀಡಿಯನ್ ತೋರಿಸೋಣವೆಂದರೆ ಅದು ಎರಡೂ ವರ್ಷ 3.6ರಲ್ಲೇ ಇತ್ತು, ನಮ್ಮ ಹತ್ತು ಹುಡುಗರು ಅದರಲ್ಲೂ ಕಾಣಲಿಲ್ಲ. ರಾತ್ರಿ ಕೂತು, ಈ ಸಲ ಉನ್ನತ ಶಿಕ್ಷಣಕ್ಕೆ ಹೋದವರನ್ನೂ ಬಿಡದೆ, ಕೆಲಸಕ್ಕೆ ಸೇರದವರಿಗೆಲ್ಲ ಸೊನ್ನೆ ಹಾಕಿ, ನಡುವಿನವನ ಬದಲು ಕೆಳಗಿನಿಂದ ಕಾಲು ಭಾಗದಲ್ಲಿ ನಿಲ್ಲುವವನನ್ನು ಹುಡುಕಿದೆ.

```
=QUARTILE.INC(C2:C61,1)
```

ಹಿಂದಿನ ವರ್ಷ 18 ಸೊನ್ನೆಗಳು, ಅರವತ್ತರಲ್ಲಿ ಹದಿನೈದನೆಯವನು ಆ ಸೊನ್ನೆಗಳ ನಡುವೆಯೇ ಇದ್ದ. ಈ ವರ್ಷ ಸೊನ್ನೆಗಳು ಎಂಟೇ, ಅದೇ ಜಾಗದಲ್ಲಿ ನಿಂತವನಿಗೆ 3.6 ಲಕ್ಷ. ನಮ್ಮ ಇಡೀ ವರ್ಷದ ಓಡಾಟ ಈ ಒಂದು ಅಂಕಿಯಲ್ಲಿ ಮಾತ್ರ ಕಂಡಿತು.

ಅಂದಿನಿಂದ ಪ್ರತಿ ಬ್ರಾಂಚಿನ ಮುಂದೆ ಆರು ಅಂಕಿ ಬರೆದು ಕೊಡುವುದು ರೂಢಿಯಾಯಿತು: ತರಗತಿಯಲ್ಲಿ ಎಷ್ಟು ಜನ, ಕೆಲಸ ಎಷ್ಟು ಜನಕ್ಕೆ, ಕಾಲು ಭಾಗದವನಿಗೆ ಎಷ್ಟು, ನಡುವಿನವನಿಗೆ ಎಷ್ಟು, ಹೆಚ್ಚು ಜನಕ್ಕೆ ಸಿಕ್ಕಿದ್ದು ಎಷ್ಟು, ಕೊನೆಗೆ ಸರಾಸರಿ. ಪ್ರಿನ್ಸಿಪಾಲರು ಓದಿ, ಚೆನ್ನಾಗಿದೆ ಅಂತ ಹೇಳಿ, ಬ್ರೋಷರಿಗೆ ಕೊನೆಯದೊಂದನ್ನು ಕಳಿಸಿದರು. ಉಳಿದ ಐದನ್ನು ನಾನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಡ್ರಾಯರಿನಲ್ಲಿ ಇಟ್ಟುಕೊಂಡಿರುತ್ತಿದ್ದೆ, ಮಾದರಿ ಎಷ್ಟು ಅಂತ ಕೇಳುವವರಿಗೆ.