ಬಾಗಿಲ ಮೇಲಿನ ಬಿಲ್ಲೆ: ಓದಿದ್ದೆಷ್ಟು, ಊಹಿಸಿದ್ದೆಷ್ಟು

ಫೋಟೋ ನೋಡಿ ಅರಬ್ಬಿ-ಪಾರ್ಸಿ ಬರಹ ಓದಿ ಕನ್ನಡಕ್ಕೆ ತರುವ ಕೆಲಸದಲ್ಲಿ "ಇಷ್ಟು ಕಾಣುತ್ತದೆ, ಇಷ್ಟು ಕಾಣುವುದಿಲ್ಲ" ಎಂದು ಅನುವಾದದ ಸಾಲಿನಲ್ಲೇ ಬರೆದುಕೊಟ್ಟರೆ ಯಾರೂ ದುಡ್ಡು ಕೊಡುವುದಿಲ್ಲ ಅಂತ ಹುಬ್ಬಳ್ಳಿಯಲ್ಲಿ ನನಗೆ ಹೇಳದವರಿಲ್ಲ. ಈಗ ಕೊಡುತ್ತಿದ್ದಾರೆ. ಅದು ಸಾಧ್ಯವಾದದ್ದು ಸವಣೂರಿನ ಒಂದು ಹಳೇ ಮನೆಯ ಕೆಲಸದಿಂದ. ಇದನ್ನು ಓದುವವರಿಗೆ ಸುಲುಸ್ ಯಾವುದು, ನಸ್ತಾಲೀಖ್ ಯಾವುದು ಎಂದು ಹೇಳಿಕೊಡಬೇಕಿಲ್ಲ ಅಂದುಕೊಂಡು ನೇರವಾಗಿ ಕೆಲಸಕ್ಕೆ ಬರುತ್ತೇನೆ.

ಬಾಗಿಲ ಮೇಲೆ ಗೋಡೆಯಲ್ಲಿ ಕೂಡಿಸಿದ ಮೂರು ಮೆರುಗಿನ ಬಿಲ್ಲೆಗಳು, ಒಂದೊಂದು ಸುಮಾರು 6 ಇಂಚು. ಬಿಳಿಯ ಮೇಲೆ ನೀಲಿ. ಮೇಲೆ ದೊಡ್ಡ ಸುಲುಸ್, ಅಕ್ಷರದ ಮೇಲೆ ಅಕ್ಷರ ಏರಿಸಿದ್ದು. ಕೆಳಗೆ ಸಣ್ಣ ನಸ್ತಾಲೀಖ್‌ನಲ್ಲಿ ಒಂದು ಹೆಸರು, ಒಂದು ವರ್ಷ. ಎಡಗಡೆಯ ಬಿಲ್ಲೆಯ ಮೆರುಗು ಹಾರಿತ್ತು, ಅಂಚಿನ ಮೇಲೆ ಗಿಲಾವು ಬಂದು ಕೂತಿತ್ತು. ಎಡಗಡೆ ಅಂದರೆ ಸಾಲು ಮುಗಿಯುವ ಜಾಗ. ಮನೆಯವರಿಗೆ ಅದರ ಕೆಳಗೆ ಕನ್ನಡದಲ್ಲಿ ಒಂದು ಗ್ರಾನೈಟ್ ಫಲಕ ಹಾಕಿಸಬೇಕಿತ್ತು. "ಸರ್ರ, ಇಬ್ರು ಓದಿ ಕೊಟ್ಟಾರ. ನೀವು ಚಂದಗೆ ಕನ್ನಡದಾಗ ಬರದ್ ಕೊಟ್ರ ಸಾಕು," ಅಂದರು ಆ ಮನೆಯ ಹಿರಿಯ ಚಾಚಾ.

ಆ ಇಬ್ಬರೂ ಓದಿದ್ದು ಒಂದೇ: "ನಸ್ರುನ್ ಮಿನಲ್ಲಾಹಿ ವ ಫತ್‌ಹುನ್ ಕರೀಬ್, ವ ಬಶ್ಶಿರಿಲ್ ಮೂಮಿನೀನ್." ಕುರಾನಿನ 61ನೇ ಸೂರಾದ 13ನೇ ಆಯತ್. ಬಾಗಿಲು, ನಿಶಾನೆ, ತಾಯತ ಎಲ್ಲ ಕಡೆ ಇದು ಕಾಣುತ್ತದೆ. ಕೆಲವು ಕಡೆ ಕೊನೆಗೆ "ಯಾ ಮುಹಮ್ಮದ್" ಎಂದೂ ಸೇರಿರುತ್ತದೆ, ಅದು ಆಯತಿನದಲ್ಲ. ಇಷ್ಟು ಚಿರಪರಿಚಿತ ಸಾಲು ಎದುರಿಗಿದ್ದರೆ ಕಣ್ಣು ಓದುವುದಕ್ಕೆ ಮೊದಲೇ ಬಾಯಿ ಹೇಳಿಬಿಡುತ್ತದೆ. ಬಾಯಿಪಾಠ ಇದ್ದವರಿಗೆ ಬಿಲ್ಲೆಯ ಹಾರಿದ ಜಾಗ ಕಾಣಿಸುವುದೇ ಇಲ್ಲ. "ಕರೀಬ್"ವರೆಗೆ ನನಗೂ ಸಂಶಯ ಇರಲಿಲ್ಲ. ಅಲ್ಲಾಹ್ ಎಂಬ ಪದವನ್ನು ಗೌರವಕ್ಕೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು, ಉಳಿದದ್ದು ಬಲಗಡೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು. ಒಂದು ಬಿಲ್ಲೆಯ ಗೆರೆ ಪಕ್ಕದ ಬಿಲ್ಲೆಗೆ ಸರಿಯಾಗಿ ದಾಟುತ್ತಿದ್ದುದರಿಂದ ರಿಪೇರಿಯಲ್ಲಿ ಬಿಲ್ಲೆ ಅದಲುಬದಲಾಗಿಲ್ಲ ಎಂಬುದೂ ಖಾತ್ರಿಯಾಯಿತು. ಆಮೇಲಿನದನ್ನು ಮಾತ್ರ ಇಬ್ಬರೂ ಓದಿರಲಿಲ್ಲ, ನೆನಪಿನಿಂದ ತುಂಬಿದ್ದರು.

ಇದನ್ನು ತೋರಿಸಿಕೊಡಲು ಮೊದಲು ಮಾಡಿದ್ದೆಲ್ಲ ದುಡ್ಡು ಹಾಳು. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ದೊಡ್ಡದು ಮಾಡಿ ಫ್ಲೆಕ್ಸ್ ಹಾಕಿಸಿದೆ, ಸುಮಾರು 400 ರೂಪಾಯಿ. ದೊಡ್ಡದಾದದ್ದು ಮಸುಕು ಅಷ್ಟೇ. ಮೊಬೈಲ್ ಆ್ಯಪಿನಲ್ಲಿ ಕಪ್ಪು-ಬಿಳುಪು ಎಳೆದು ನೋಡಿದರೆ ಮೆರುಗಿನ ಬಿರುಕುಗಳೆಲ್ಲ ಅಕ್ಷರದ ಗೆರೆಗಳಂತೆ ಎದ್ದವು. ಒಬ್ಬ ಫೋಟೋಗ್ರಾಫರನನ್ನು ಕಳಿಸಿದೆ, ಅವನು 1500ರ ಹತ್ತಿರ ತಗೊಂಡ, ಫ್ಲಾಶ್ ಹಾಕಿ ತೆಗೆದ. ಮೆರುಗಿನ ಮೇಲೆ ಫ್ಲಾಶ್ ಬಿದ್ದರೆ ಮೊದಲು ಮಾಯವಾಗುವುದು ನುಕ್ತಾಗಳು, ನಮ್ಮ ಓದೆಲ್ಲ ನಿಂತಿರುವುದೇ ಅವುಗಳ ಮೇಲೆ. ಕೊನೆಗೆ ಕೆಲಸಕ್ಕೆ ಬಂದದ್ದು ಮನೆಯ ಹುಡುಗ ಏಣಿ ಹತ್ತಿ ಬಿಲ್ಲೆಗೆ ನೇರ ಎದುರಾಗಿ ನಿಂತು, ಕತ್ತಲಾದ ಮೇಲೆ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಹಾಯಿಸಿ ತೆಗೆದ ಫೋಟೋಗಳು. ಅವನ್ನು ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದ್ದೆ, ಇಲ್ಲವಾದರೆ ವಾಟ್ಸಾಪು ಅರ್ಧ ವಿವರ ನುಂಗುತ್ತದೆ. ಖರ್ಚು ಸೊನ್ನೆ.

ಈಗ ನನ್ನ ಉಪಾಯ. ಕಲಂ ಅನ್ನು ಒಮ್ಮೆ ಒತ್ತಿದರೆ ಬೀಳುವ ಓರೆ ಚೌಕವೇ ನುಕ್ತಾ, ಖುಶನವೀಸರು ಅಕ್ಷರ ಅಳೆಯುವುದು ಅದರಿಂದಲೇ. ಸುಲುಸ್‌ನಲ್ಲಿ ಅಲಿಫ್‌ನ ಎತ್ತರ ಸುಮಾರು 7 ನುಕ್ತಾ. ಬರೆಯಲು ಬಳಸುವ ಈ ಅಳತೆಯನ್ನು ಕಳೆದುಹೋದ ಜಾಗ ಅಳೆಯಲು ಯಾಕೆ ಬಳಸಬಾರದು ಅನಿಸಿತು. ಬಿಲ್ಲೆ ಚೌಕವಾಗಿರುವುದು ಇಲ್ಲಿ ದೊಡ್ಡ ಅನುಕೂಲ: ಫೋಟೋ ಓರೆಯಾಗಿದ್ದರೆ ಬಿಲ್ಲೆಯ ನಾಲ್ಕು ಮೂಲೆ ಹಿಡಿದು ಚೌಕಕ್ಕೆ ಎಳೆದರೆ ಬರಹವೂ ನೆಟ್ಟಗಾಗುತ್ತದೆ. ಹಾಗೆ ಮಾಡಿ ಅಳೆದರೆ ಒಂದು ನುಕ್ತಾ ಹೆಚ್ಚುಕಡಿಮೆ ಕಾಲು ಇಂಚು, ಅಲಿಫ್ ಪೌಣೆರಡು ಇಂಚು. ಲೆಕ್ಕ ಕೂಡಿತು. ಬಿಲ್ಲೆಯ ಮೇಲೆ ಹತ್ತಾರು ನುಕ್ತಾ ಇರುವಾಗ ಅಳತೆಗೆ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಅನ್ನ, ಇಲ್ಲಿ ಬರೆಯುವುದಿಲ್ಲ.

"ಕರೀಬ್" ಮುಗಿದ ಮೇಲೆ ಬಿಲ್ಲೆಯ ಅಂಚಿಗೆ ಉಳಿದದ್ದು ಎರಡೂವರೆ ಇಂಚು, ಅಂದರೆ 10 ನುಕ್ತಾ. "ವ ಬಶ್ಶಿರಿಲ್ ಮೂಮಿನೀನ್" ಅಷ್ಟರಲ್ಲಿ ಹಿಡಿಯುತ್ತದೆಯೇ? ಬಿದಿರಿನ ಕಡ್ಡಿ ಕೆತ್ತಿಕೊಂಡು ನಾನೇ ಬರೆದು ನೋಡಿದೆ. ನನ್ನ ಕೈಬರಹ ಉಸ್ತಾದರ ಮಟ್ಟದ್ದು ಅಂತ ಹೇಳುವುದಿಲ್ಲ, ಆದರೆ ಅಳತೆ ತಪ್ಪುವುದಿಲ್ಲ. ಎರಡಂತಸ್ತಿನಲ್ಲಿ ಎಷ್ಟು ಒತ್ತೊತ್ತಾಗಿ ಏರಿಸಿದರೂ 16-17 ನುಕ್ತಾಕ್ಕಿಂತ ಕಡಿಮೆಗೆ ಬರಲಿಲ್ಲ. ಕೊನೆಯ ನೂನ್‌ನ ಹೊಟ್ಟೆಗೇ ಜಾಗ ಹೋಗುತ್ತದೆ. ಹಾರಿದ ಮೆರುಗಿನ ಮೇಲ್ಗಡೆ ನೆಟ್ಟಗಿನ ಗೆರೆಯ ಒಂದು ತುದಿ ಉಳಿದಿತ್ತು. "ನೋಡ್ರಿ, ಮೂಮಿನೀನಿನ ಅಲಿಫ್ ಅಲ್ಲೇ ಐತಿ" ಎಂದು ಮೊದಲು ಓದಿದವರೊಬ್ಬರು ವಾದಕ್ಕೆ ಬಂದರು. ಆದರೆ ಆ ಫಲಕದಲ್ಲಿ ಉಳಿದ ಎಲ್ಲ ಅಲಿಫ್, ಲಾಮ್‌ಗಳ ತಲೆಗೆ ಬಲಕ್ಕೆ ಇಳಿಯುವ ಕೊಕ್ಕೆ ಇತ್ತು. ಈ ತುದಿಗೆ ಇರಲಿಲ್ಲ. ಕೊಕ್ಕೆ ಇಲ್ಲದ್ದನ್ನು ನಾನು ಅಕ್ಷರ ಎಂದು ಎಣಿಸಲಿಲ್ಲ.

ಈ ಬಿದಿರು ಕಡ್ಡಿಯ ಹುಚ್ಚು ಹಿಡಿದಾಗ ಲಕ್ಷ್ಮೇಶ್ವರ, ಬಂಕಾಪುರ ಕಡೆಯಿಂದ ಬಂದ ಬೇರೆ ಫೋಟೋಗಳ ಮೇಲೂ ಅದೇ ಅಳತೆ ಹಾಕಿ ನೋಡಿದೆ. ಬಣ್ಣದ ಬರಹಕ್ಕೆ ನಡೆಯಿತು. ಕಲ್ಲಿನಲ್ಲಿ ಉಬ್ಬು ಕೆತ್ತಿದ್ದಕ್ಕೆ ಅಷ್ಟು ಸರಿಹೋಗಲಿಲ್ಲ, ಉಳಿಯ ಏಟಿಗೆ ನುಕ್ತಾ ದುಂಡಗಾಗಿ ಅಳತೆಯೇ ಸಡಿಲವಾಗುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದು ಬಲ ಎಡವಾಗಿ ಬಂದ ಒಂದು ಫೋಟೋವನ್ನು ಜನ ಕನ್ನಡಿ ಬರಹ ಅಂದುಕೊಂಡಿದ್ದರು. ನಿಜವಾದ ಮುಸನ್ನಾ ಆಗಿದ್ದರೆ ಸರಿ ಬರಹ, ಅದರ ಕನ್ನಡಿ ಬರಹ ಎರಡೂ ಒಂದೇ ಫಲಕದಲ್ಲಿ ಎದುರುಬದುರು ಇರುತ್ತವೆ.

ಮತ್ತೆ ಸವಣೂರಿಗೆ. ಕೆಳಗಿನ ಸಣ್ಣ ಸಾಲಿನಲ್ಲಿ "ಕತಬಹು" ಸ್ಪಷ್ಟ. ಮುಂದೆ ಬರುವುದು ಬರೆದವನ ಹೆಸರೇ ಹೊರತು ಮನೆ ಕಟ್ಟಿಸಿದವನದಲ್ಲ. ಮನೆಯವರು ತಮ್ಮ ಪೂರ್ವಜ ಹುಸೇನ್ ಸಾಹೇಬರ ಹೆಸರು ಅದು ಎಂದು ತಲೆಮಾರುಗಳಿಂದ ನಂಬಿದ್ದರು, ಇದನ್ನು ಅವರಿಗೆ ಹೇಳುವುದೇ ಕಷ್ಟವಾಯಿತು. ಅದರ ಮೇಲೆ ಹೆಸರು ಹುಸೇನೋ ಹಸನೋ ಎಂಬುದೂ ತೀರ್ಮಾನವಾಗುವುದಿಲ್ಲ. ಎರಡಕ್ಕೂ ವ್ಯತ್ಯಾಸ ನಡುವಿನ ಒಂದು ಹಲ್ಲು, ಅದರ ಕೆಳಗಿನ ಎರಡು ಚುಕ್ಕೆ. ಇಲ್ಲಿ ಸೀನ್ ಅನ್ನು ಹಲ್ಲಿಲ್ಲದೆ ಉದ್ದಕ್ಕೆ ಎಳೆದಿದ್ದಾರೆ, ಆದ್ದರಿಂದ ಹಲ್ಲು ಎಣಿಸುವ ದಾರಿ ಮುಚ್ಚಿತು. ಕೆಳಗೆ ಒಂದು ಚುಕ್ಕೆ ಇದೆ. ಎರಡನೆಯದು ಇರಬೇಕಾದ ಜಾಗದಲ್ಲಿ ಮೆರುಗು ಹಾರಿದೆ. ಹುಸೇನ್‌ಗೆ ಆಧಾರ ಆ ಒಂದು ಚುಕ್ಕೆ ಮಾತ್ರ.

ವರ್ಷದ ಅಂಕಿಯಲ್ಲೂ ಇದೇ ಕಥೆ. 1, 3 ಸ್ಪಷ್ಟ, ಕೊನೆಗೆ ಸೊನ್ನೆಯ ಚುಕ್ಕೆ. ಮೂರನೇ ಅಂಕಿಯ ಕಾಲು ಉಳಿದಿದೆ, ತಲೆ ಸವೆದಿದೆ. 2ಕ್ಕೆ ತಲೆಯಲ್ಲಿ ಒಂದು ತಗ್ಗು, 3ಕ್ಕೆ ಎರಡು. ಕಾಲು ಎರಡಕ್ಕೂ ಒಂದೇ. ಹಿಜರಿ 1320 ಆದರೆ ಕ್ರಿ.ಶ. 1902-03, 1330 ಆದರೆ 1911-12. ನಡುವೆ ಸುಮಾರು ಹತ್ತು ವರ್ಷ.

ಹಾಗಾಗಿ ನಾನು ಕೊಟ್ಟ ಪಠ್ಯ ಹೀಗಿತ್ತು: "ಅಲ್ಲಾಹನಿಂದ ನೆರವು, ಹತ್ತಿರದಲ್ಲೇ ಗೆಲುವು [ಮುಂದಿನ ಸುಮಾರು 10 ನುಕ್ತಾ ಜಾಗ ಕಾಣುವುದಿಲ್ಲ]. ಬರೆದವರು ಹುಸೇನ್ (?), ಹಸನ್ ಎಂದೂ ಓದಬಹುದು. ಹಿಜರಿ 1320 ಅಥವಾ 1330." ಕಾಣದ್ದಕ್ಕೆ ಚೌಕ ಕಂಸ, ಕಂಡರೂ ಸಂಶಯ ಇದ್ದದ್ದಕ್ಕೆ ಪ್ರಶ್ನೆ ಚಿಹ್ನೆ. ಶಾಸನ ಓದುವವರು ಬಹಳ ಹಿಂದಿನಿಂದ ಮಾಡುತ್ತಿರುವುದನ್ನೇ ನಾನು ಬಾಗಿಲ ಬಿಲ್ಲೆಗೆ ತಂದೆ. ಈ ಗುರುತುಗಳನ್ನು ಅಡಿಟಿಪ್ಪಣಿಗೆ ಇಳಿಸಬಾರದು ಎಂಬುದು ನನ್ನ ಹಟ, ಏಕೆಂದರೆ ಕಲ್ಲಿಗೆ ಹೋಗುವಾಗ ಅಡಿಟಿಪ್ಪಣಿಯೇ ಮೊದಲು ಉದುರುತ್ತದೆ. ಇನ್ನೊಂದು ತೊಡಕೂ ಉಂಟು. ಅರಬ್ಬಿಯಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ ಹಿಂದಕ್ಕೆ ಹೋಗುತ್ತದೆ, ಮೂಲದ "ನೆರವು, ಅಲ್ಲಾಹನಿಂದ" ನಮ್ಮಲ್ಲಿ ತಿರುಗುತ್ತದೆ. ಬಿಲ್ಲೆಯ ಅಂಚಿನ ಸಂಶಯವನ್ನು ಕನ್ನಡ ಸಾಲಿನ ಅಂಚಿಗೇ ಕಣ್ಣುಮುಚ್ಚಿ ಅಂಟಿಸಿದರೆ ಸ್ಪಷ್ಟವಾಗಿರುವ ಪದಕ್ಕೆ ಸಂಶಯ ತಗಲುತ್ತದೆ. ಅದಕ್ಕೆ ಮೂಲದ ಒಂದೊಂದು ಪದಕ್ಕೂ ಗುರುತು ಹಾಕಿಕೊಂಡು, ಆ ಗುರುತು ಪದದ ಜತೆಗೇ ಸಾಗಿತೋ ಇಲ್ಲವೋ ಎಂದು ಕೊನೆಗೆ ತಾಳೆ ನೋಡುತ್ತೇನೆ.

ಚಾಚಾ ಓದಿ, "ಇದ್ರಾಗ ಪ್ರಶ್ನೆ ಚಿಹ್ನೆಗೂ ರೊಕ್ಕ ಕೊಡಬೇಕೇನ್ರಿ?" ಅಂದರು. ಒಪ್ಪಿದ್ದ 2500ರಲ್ಲಿ ಅರ್ಧ ಕೊಟ್ಟು ಅರ್ಧ ಹಿಡಿದರು. ಪರಿಚಯದ ಅನುವಾದಕರು ಪದಕ್ಕೆ 2 ರೂಪಾಯಿಯಂತೆ ಲೆಕ್ಕ ಹಾಕು ಅಂದಿದ್ದರು. ಹಾಗೆ ಹಾಕಿದ್ದರೆ ಆಯತಿನ ಐದು ಪದಕ್ಕೆ ನನಗೆ 10 ರೂಪಾಯಿ.

ಮಳೆಗಾಲ ಮುಗಿದ ಮೇಲೆ ಆ ಗೋಡೆಯ ಗಿಲಾವು ಕೆತ್ತಿದರು. ಬಿಲ್ಲೆಯ ಅಂಚು ಒಂದು ಬೆರಳಗಲ ಹೊರಗೆ ಬಂತು, ಹುಡುಗ ಅವತ್ತೇ ಫೋಟೋ ಕಳಿಸಿದ. ಚೌಕಟ್ಟಿನ ನೀಲಿ ಗೆರೆ ಬಾಗಿ ಅಲ್ಲೇ ಮುಚ್ಚಿಕೊಂಡಿತ್ತು, ಒಳಗೆ ಇದ್ದದ್ದು ಹೂಬಳ್ಳಿ. ಅಲಿಫ್ ಎಂದು ವಾದ ಮಾಡಿದ್ದ ಆ ತುದಿ ಬಳ್ಳಿಯ ದಂಟು. ಆಯತ್ "ಕರೀಬ್"ಗೇ ನಿಂತಿತ್ತು. ಉಳಿದ ಅರ್ಧ ದುಡ್ಡು ಎರಡು ದಿನದಲ್ಲಿ ಬಂತು, ಜತೆಗೆ ಅದೇ ಓಣಿಯ ಇನ್ನೆರಡು ಮನೆಯ ಕೆಲಸವೂ.

ಹೆಸರು ಮತ್ತು ವರ್ಷ ಮಾತ್ರ ಈಗಲೂ ತೀರ್ಮಾನವಾಗಿಲ್ಲ, ಹಾರಿದ ಮೆರುಗು ಯಾವ ಗಿಲಾವಿನ ಕೆಳಗೂ ಇಲ್ಲ. ಚೌಕ ಕಂಸದ ಮಾತನ್ನು ತೆಗೆದು ಹೊಸ ಪಠ್ಯ ಕೊಟ್ಟೆ, ಪ್ರಶ್ನೆ ಚಿಹ್ನೆ ಮತ್ತು "ಅಥವಾ" ಉಳಿಸಿದೆ. ಕಲ್ಲು ಕೆತ್ತುವವನು ಪ್ರಶ್ನೆ ಚಿಹ್ನೆ ತಪ್ಪಿ ಬಿದ್ದಿದೆ ಅಂದುಕೊಂಡು ಬಿಡಲು ಹೊರಟಿದ್ದ. ಚಾಚಾ ಫೋನಿನಲ್ಲಿ ಅವನಿಗೆ ಹೇಳಿದ್ದು ನನಗೂ ಕೇಳಿಸಿತು: "ಅದು ಇರಬೇಕಪ್ಪಾ, ಬಿಡಬ್ಯಾಡ."